ಪಾಸ್‌ಬುಕ್ ಏರುತ್ತಿದ್ದರೂ ಕರಗುವ ಗಂಟು: ದಾವಣಗೆರೆಯ ಒಂದು ನಿವೃತ್ತ ಮನೆಯ ಲೆಕ್ಕ

2024ರ ಮಾರ್ಚ್ ಕೊನೆಯ ವಾರ ಆ ಗಂಡ ಹೆಂಡತಿ ಇಬ್ಬರೂ ನಮ್ಮ ಮನೆಗೆ ಬಂದಾಗ ಯಜಮಾನರ ಕೈಯಲ್ಲಿ ಒಂದು ಹಳೆಯ ರಟ್ಟಿನ ಫೈಲಿತ್ತು. ಬ್ಯಾಂಕಿನಲ್ಲಿ ಮೂವತ್ತು ವರ್ಷ ಕೂತವನು ಅಂತ ಪರಿಚಯದವರು ಆಗಾಗ ಹೀಗೆ ಕಾಗದಪತ್ರ ಹಿಡಿದು ಬರುತ್ತಾರೆ. ಇವರಿಗೆ 60 ತುಂಬಿತ್ತು, ಖಾಸಗಿ ಕಾರ್ಖಾನೆಯೊಂದರಿಂದ ನಿವೃತ್ತಿ. ಅವರ ಮನೆಯವರಿಗೆ 57. ದಾವಣಗೆರೆಯಲ್ಲಿ ಸ್ವಂತ ಮನೆ, ಸಾಲವಿಲ್ಲ. ಮಗ ಬೆಂಗಳೂರಿನಲ್ಲಿ, ಮಗಳ ಮದುವೆ ಆಗಿದೆ.

ಫೈಲಿನಲ್ಲಿದ್ದದ್ದನ್ನು ಕೂಡಿದೆವು. ಪಿಎಫ್ 62 ಲಕ್ಷ, ಗ್ರಾಚ್ಯುಟಿ 20 ಲಕ್ಷ, ಹಳೆಯ ಎಫ್‌ಡಿಗಳು 20 ಲಕ್ಷ, ಮ್ಯೂಚುವಲ್ ಫಂಡ್‌ನಲ್ಲಿ 18 ಲಕ್ಷ. ಒಟ್ಟು 1 ಕೋಟಿ 20 ಲಕ್ಷ. ಇದರ ಜೊತೆಗೆ ಪಿಎಫ್ ಕಡೆಯಿಂದ ತಿಂಗಳಿಗೆ 3,000 ರೂಪಾಯಿ ಪಿಂಚಣಿ. ಅದು ಏರುವುದಿಲ್ಲ. ಮನೆಖರ್ಚು ತಿಂಗಳಿಗೆ 45,000. ಅಂದರೆ ಗಂಟಿನಿಂದ ತೆಗೆಯಬೇಕಾದದ್ದು ತಿಂಗಳಿಗೆ 42,000, ವರ್ಷಕ್ಕೆ 5 ಲಕ್ಷ 4 ಸಾವಿರ.

"ಇದರಲ್ಲಿ ಕಷ್ಟ ಏನಿದೆ ಸರ್?" ಅಂದರು ಅವರು. "ಎಲ್ಲಾ ಎಫ್‌ಡಿ ಮಾಡಿದರೆ 7 ಪರ್ಸೆಂಟ್‌ನಂತೆ 8 ಲಕ್ಷ 40 ಸಾವಿರ ಬಡ್ಡಿ ಬರುತ್ತೆ. ಬೇಕಾಗಿರೋದು 5 ಲಕ್ಷ. ಅಸಲು ಮುಟ್ಟೋದೇ ಬೇಡವಲ್ಲ!"

ಈ ಮಾತನ್ನು ನಾನು ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ಆ ಗುಣಾಕಾರದಲ್ಲಿ ತಪ್ಪಿಲ್ಲ. ಆದರೆ ಅದು ಮೊದಲ ವರ್ಷದ ಲೆಕ್ಕ ಮಾತ್ರ.

ಒಂದು ಹಾಳೆ ತೆಗೆದುಕೊಂಡು ವರ್ಷವರ್ಷವೂ ಬರೆಯುತ್ತಾ ಹೋದೆವು. ಬಡ್ಡಿ 7 ಪರ್ಸೆಂಟ್, ಬೆಲೆಯೇರಿಕೆ 6 ಪರ್ಸೆಂಟ್ ಎಂದಿಟ್ಟುಕೊಂಡೆವು. ಪ್ರತಿ ವರ್ಷದ ಮೊದಲಲ್ಲಿ ಆ ವರ್ಷದ ಖರ್ಚು ತೆಗೆಯುವುದು, ಉಳಿದದ್ದಕ್ಕೆ ಬಡ್ಡಿ ಸೇರಿಸುವುದು, ಮರುವರ್ಷದ ಖರ್ಚಿಗೆ 6 ಪರ್ಸೆಂಟ್ ಏರಿಸುವುದು. ಮೊದಲ ವರ್ಷ ಮುಗಿದಾಗ ಉಳಿಕೆ 123 ಲಕ್ಷ. ಐದನೆಯ ವರ್ಷ ಮುಗಿದಾಗ ಸುಮಾರು 134 ಲಕ್ಷ. ಯಜಮಾನರ ಮುಖ ಅರಳುತ್ತಾ ಹೋಯಿತು. ಹನ್ನೊಂದನೆಯ ವರ್ಷದ ಕೊನೆಗೆ 141 ಲಕ್ಷ. ಅಲ್ಲಿಗೆ ಏರಿಕೆ ನಿಂತಿತು. ಹನ್ನೆರಡನೆಯ ವರ್ಷ ಉಳಿಕೆ ಮೊದಲ ಸಲ ತುಸು ಇಳಿಯಿತು. ಆಮೇಲೆ ಇಳಿಜಾರೇ. 27ನೆಯ ವರ್ಷ ಮುಗಿಯುವ ಮುಂಚೆಯೇ ಸೊನ್ನೆ. ಆಗ ಮನೆಯವರಿಗೆ 83 ದಾಟಿರುತ್ತದೆ.

ಹನ್ನೊಂದು ವರ್ಷ ಪಾಸ್‌ಬುಕ್ಕಿನಲ್ಲಿ ಅಂಕಿ ಏರುತ್ತಲೇ ಇರುತ್ತದೆ. "ಅಸಲು ಬೆಳೀತಿದೆ" ಅಂತ ನಂಬಿಕೊಂಡು ಮನೆಗೆ ಬಣ್ಣ, ಮೊಮ್ಮಗಳ ಕಿವಿಗೆ ಓಲೆ, ಕಾಶಿಯಾತ್ರೆ ಅಂತ ಕೈ ಸಡಿಲ ಬಿಡುವುದೂ ಆ ವರ್ಷಗಳಲ್ಲೇ. ಗಂಟು ಕರಗುತ್ತಿದೆ ಅಂತ ಪಾಸ್‌ಬುಕ್ ಹೇಳುವ ಹೊತ್ತಿಗೆ ಯಜಮಾನರಿಗೆ 72. ಆಗ ಕೆಲಸ ಹುಡುಕಲಾಗುವುದಿಲ್ಲ.

ಹಾಗಾದರೆ ಮೊದಲೇ ತಿಳಿಯುವುದು ಹೇಗೆ? ಉಳಿಕೆಯನ್ನು ನೋಡಬಾರದು, ಶೇಕಡಾವಾರು ನೋಡಬೇಕು. ಆ ವರ್ಷ ತೆಗೆಯುವ ಹಣ ಆ ದಿನದ ಗಂಟಿನ ಎಷ್ಟನೇ ಭಾಗ? ಮೊದಲ ವರ್ಷ 120ರಲ್ಲಿ 5.04, ಅಂದರೆ 4.2 ಪರ್ಸೆಂಟ್. ಹನ್ನೆರಡನೆಯ ವರ್ಷ 141 ಲಕ್ಷದಲ್ಲಿ 9.57 ಲಕ್ಷ, ಅಂದರೆ 6.8 ಪರ್ಸೆಂಟ್. ಗಂಟು 21 ಲಕ್ಷ ದಪ್ಪವಾಗಿದೆ, ಆದರೆ ಅದರ ಮೇಲಿನ ಭಾರ ಒಂದೂವರೆ ಪಟ್ಟಿಗಿಂತ ಹೆಚ್ಚಾಗಿದೆ. ಈ ಶೇಕಡಾವಾರು ಎರಡನೆಯ ವರ್ಷದಿಂದಲೇ ಮೆಲ್ಲಗೆ ಮೇಲೇರುತ್ತಿರುತ್ತದೆ. ನೋಡುವವರು ಬೇಕಷ್ಟೆ.

ಮನೆಯವರು ಅಲ್ಲಿಯವರೆಗೆ ಮಾತಾಡಿರಲಿಲ್ಲ. ಹಾಳೆಯ ಕೆಳಗಿನ ಸೊನ್ನೆಯನ್ನು ನೋಡಿ, "ನಮ್ಮತ್ತೆ 91ರವರೆಗೆ ಇದ್ದರು. ನಮ್ಮಮ್ಮನಿಗೆ ಈಗ 84, ಇನ್ನೂ ರೊಟ್ಟಿ ತಟ್ತಾರೆ" ಅಂದರು.

ಅದೇ ಮಾತಿನ ಮೇಲೆ ಅವಧಿ ನಿಶ್ಚಯವಾಯಿತು. ಇಂಥ ಲೆಕ್ಕವನ್ನು ಗಂಡನ ವಯಸ್ಸಿಗೆ ಹಾಕಬಾರದು. ಇಬ್ಬರಲ್ಲಿ ಚಿಕ್ಕವರು ಯಾರೋ ಅವರ ವಯಸ್ಸಿಗೆ ಹಾಕಬೇಕು. 57ರಿಂದ 92ರವರೆಗೆ ಅಂದರೆ 35 ವರ್ಷ.

ಗಂಟು ಅಷ್ಟು ವರ್ಷ ಬರಬೇಕಾದರೆ ವರ್ಷಕ್ಕೆ ಎಷ್ಟು ತೆಗೆಯಬಹುದು? ಈ ಪ್ರಶ್ನೆಗೆ ಅಮೆರಿಕದಲ್ಲಿ ಹೆಸರಾದ ಒಂದು ಉತ್ತರವಿದೆ. ವಿಲಿಯಂ ಬೆಂಗೆನ್ ಎಂಬ ಹಣಕಾಸು ಸಲಹೆಗಾರ 1994ರಲ್ಲಿ ಅಲ್ಲಿನ 1926ರಿಂದೀಚಿನ ಷೇರು ಮತ್ತು ಸರ್ಕಾರಿ ಬಾಂಡ್‌ಗಳ ಅಂಕಿಅಂಶ ಹಿಡಿದು ಲೆಕ್ಕ ಹಾಕಿದ. ಮೊದಲ ವರ್ಷ ಗಂಟಿನ 4 ಪರ್ಸೆಂಟ್ ತೆಗೆದು, ಮುಂದೆ ಪ್ರತಿ ವರ್ಷ ಬೆಲೆಯೇರಿಕೆಯಷ್ಟೇ ಏರಿಸುತ್ತಾ ಹೋದರೆ, ಅಲ್ಲಿಯವರೆಗೆ ಯಾವ ವರ್ಷ ನಿವೃತ್ತರಾದವರಿಗೂ 30 ವರ್ಷದೊಳಗೆ ಹಣ ಮುಗಿದುಹೋಗುತ್ತಿರಲಿಲ್ಲ ಎಂಬುದು ಅವನ ಫಲಿತಾಂಶ. ಇದೇ "4 ಪರ್ಸೆಂಟ್ ನಿಯಮ" ಎಂದು ಊರೂರು ಸುತ್ತಿತು.

ಆ ಲೆಕ್ಕದಲ್ಲಿ ನನಗೆ ಹೆಚ್ಚು ಮುಖ್ಯವೆನಿಸುವುದು ಆ 4 ಅಲ್ಲ. ಅತಿ ಕೆಟ್ಟ ಕಾಲದಲ್ಲಿ ನಿವೃತ್ತರಾದವರು ಯಾರು ಎಂಬುದು. 1929ರ ಮಹಾಕುಸಿತದ ಹೊತ್ತಿಗೆ ನಿವೃತ್ತರಾದವರು ಅಂತ ಯಾರಾದರೂ ಊಹಿಸುತ್ತಾರೆ. ಅವರಲ್ಲ, 1960ರ ದಶಕದ ಕೊನೆಯಲ್ಲಿ ನಿವೃತ್ತರಾದವರು. 1929ರ ನಂತರ ಷೇರು ನೆಲಕಚ್ಚಿತು, ಆದರೆ ವಸ್ತುಗಳ ಬೆಲೆಯೂ ಇಳಿದಿದ್ದರಿಂದ ತೆಗೆಯಬೇಕಾದ ಹಣವೂ ಇಳಿಯಿತು. 1970ರ ದಶಕದಲ್ಲಿ ಷೇರೂ ಬಿತ್ತು, ಬೆಲೆಯೂ ಏರಿತು. ಗಂಟಿಗೆ ಎರಡೂ ಕಡೆಯಿಂದ ಪೆಟ್ಟು. ಬೆಲೆಯೇರಿಕೆ ಎಂಬುದು ದಿನದಿನದ ಮಾತಾಗಿರುವ ನಮ್ಮ ದೇಶದವರು ಇದನ್ನು ಮರೆಯಬಾರದು.

ಹಾಗಂತ 4 ಪರ್ಸೆಂಟನ್ನು ಹಾಗೇ ಎತ್ತಿಕೊಂಡು ಬರಲೂ ಆಗುವುದಿಲ್ಲ. ಅದು ಒಂದೇ ದೇಶದ, ಅದೂ ಅದೃಷ್ಟವಂತ ದೇಶದ ಚರಿತ್ರೆ. ಜಪಾನಿನ ನಿಕೇಯ್ ಸೂಚ್ಯಂಕ 1989ರ ಕೊನೆಯಲ್ಲಿ ಮುಟ್ಟಿದ ಎತ್ತರಕ್ಕೆ ಮತ್ತೆ ಬಂದದ್ದು 2024ರಲ್ಲಿ. ನಮ್ಮ ಸೆನ್ಸೆಕ್ಸ್‌ನ ಲೆಕ್ಕ ಶುರುವಾಗುವುದೇ 1979ರಿಂದ. 30, 35 ವರ್ಷಗಳ ಅವಧಿಗಳನ್ನು ಬೇರೆಬೇರೆಯಾಗಿ ಇಟ್ಟು ತೂಗುವಷ್ಟು ಚರಿತ್ರೆ ನಮ್ಮಲ್ಲಿ ಇನ್ನೂ ಆಗಿಲ್ಲ. ಅದಕ್ಕೇ 35 ವರ್ಷದ ಅವಧಿಗೆ ನಾನು 3ರಿಂದ 3.5 ಪರ್ಸೆಂಟ್ ದಾಟಬೇಡಿ ಎನ್ನುತ್ತೇನೆ. ಇದು ನನ್ನ ಅಂದಾಜು, ಶಾಸನವಲ್ಲ. ಅದರ ಹಿಂದಿನ ಲೆಕ್ಕ ಇಷ್ಟು: 4.2 ಪರ್ಸೆಂಟ್ ತೆಗೆಯುತ್ತಾ 35 ವರ್ಷ ತಳ್ಳಬೇಕಾದರೆ ಗಂಟು ಪ್ರತಿ ವರ್ಷವೂ ಬೆಲೆಯೇರಿಕೆಗಿಂತ ಸುಮಾರು 2.5 ಪರ್ಸೆಂಟ್ ಹೆಚ್ಚು ದುಡಿಯಬೇಕು, ಅದೂ ತೆರಿಗೆ ಕಳೆದ ಮೇಲೆ. 3.5 ತೆಗೆದರೆ ಕಾಲು ಕಡಿಮೆ ಒಂದೂವರೆ, ಅಂದರೆ 1.25 ಪರ್ಸೆಂಟ್ ಹೆಚ್ಚು ದುಡಿದರೆ ಸಾಕು. ಎರಡನೆಯದು ಸಾಧ್ಯ ಅಂತ ನಂಬಬಹುದು. ಮೊದಲನೆಯದಕ್ಕೆ ಅದೃಷ್ಟ ಬೇಕು.

ಆನ್ಯುಟಿ, ಅಂದರೆ ಒಮ್ಮೆಗೇ ದೊಡ್ಡ ಮೊತ್ತ ಕಟ್ಟಿ ಬದುಕಿರುವವರೆಗೆ ನಿಗದಿತ ಹಣ ಪಡೆಯುವ ಯೋಜನೆ, ಯಾಕೆ ಬೇಡ ಅಂದೆವು ಎಂಬುದನ್ನೂ ಹೇಳಬೇಕು. ಫೈಲಿನಲ್ಲಿ ಒಬ್ಬ ಏಜೆಂಟರು ಕೊಟ್ಟ ಕಾಗದವಿತ್ತು. ವರ್ಷಕ್ಕೆ ಸುಮಾರು 6.5 ಪರ್ಸೆಂಟ್, ಇಬ್ಬರೂ ಇರುವವರೆಗೆ, ಆಮೇಲೆ ಅಸಲು ಮಕ್ಕಳಿಗೆ. 120 ಲಕ್ಷ ಹಾಕಿದರೆ ತಿಂಗಳಿಗೆ 65,000. ಈಗಿನ ಖರ್ಚಿಗಿಂತ ಎಷ್ಟೋ ಹೆಚ್ಚು. ಆದರೆ ಆ 65,000 ಇಪ್ಪತ್ತು ವರ್ಷದ ನಂತರವೂ 65,000ವೇ. 45,000ದ ಖರ್ಚು ವರ್ಷಕ್ಕೆ 6 ಪರ್ಸೆಂಟ್ ಏರುತ್ತಾ ಹೋದರೆ ಏಳು ವರ್ಷಕ್ಕೆಲ್ಲಾ ಆನ್ಯುಟಿ, ಪಿಂಚಣಿ ಎರಡನ್ನೂ ಮುಟ್ಟಿಬಿಡುತ್ತದೆ. ಮೊದಲ ವರ್ಷಗಳ ಹೆಚ್ಚುವರಿಯನ್ನು ಉಳಿಸಿಟ್ಟರೆ ಇನ್ನಷ್ಟು ವರ್ಷ ಎಳೆಯಬಹುದು. ಆಮೇಲೆ ಅಸಲನ್ನು ಮುಟ್ಟೋಣವೆಂದರೆ ಅದು ಕೈಯಲ್ಲಿಲ್ಲ. ಆದರೂ ಆನ್ಯುಟಿಯನ್ನು ನಾನು ಪೂರ್ತಿ ತಳ್ಳಿಹಾಕಲಿಲ್ಲ. 85ರ ವಯಸ್ಸಿನಲ್ಲಿ ಹಾಳೆ ಹಿಡಿದು ಲೆಕ್ಕ ಹಾಕುವ ಶಕ್ತಿ ಇರದಿದ್ದಾಗ ತಾನಾಗಿ ಖಾತೆಗೆ ಬೀಳುವ ಹಣಕ್ಕೆ ಬೆಲೆಯಿದೆ, ವಯಸ್ಸಾದಷ್ಟೂ ಅದರ ದರವೂ ಹೆಚ್ಚು ಸಿಗುತ್ತದೆ. 75ಕ್ಕೆ ಇನ್ನೊಮ್ಮೆ ಯೋಚಿಸಿ ಎಂದು ಹಾಳೆಯ ಮೂಲೆಯಲ್ಲಿ ಬರೆದುಕೊಟ್ಟೆ.

ಈಗ ಅವರು ಕೇಳುತ್ತಿದ್ದ 4.2ನ್ನು 3.5ಕ್ಕೆ ಇಳಿಸುವ ಕೆಲಸ. ಅದಕ್ಕೂ ಮೊದಲು ಇನ್ನೊಂದು ಕಹಿ ಮಾತು. ಆಸ್ಪತ್ರೆಯ ಖರ್ಚು ತಿಂಗಳ ಖರ್ಚಿನಲ್ಲಿ ಸೇರುವುದಿಲ್ಲ, ಅದು ಒಮ್ಮೆಗೇ ಬಂದು ಎರಗುತ್ತದೆ. ವಿಮೆ ಇದ್ದರೂ ಕೈಯಿಂದ ಹೋಗುವುದು ಇದ್ದೇ ಇರುತ್ತದೆ. 10 ಲಕ್ಷವನ್ನು ಅದಕ್ಕೆಂದೇ ಬೇರೆ ತೆಗೆದಿಟ್ಟೆವು. ಗಂಟು 110 ಲಕ್ಷಕ್ಕಿಳಿಯಿತು. ಅಂದರೆ ಹಳೆಯ ಬೇಡಿಕೆ 4.2 ಅಲ್ಲ, 4.6 ಪರ್ಸೆಂಟ್ ಆಯಿತು.

ಖರ್ಚಿನ ಪಟ್ಟಿಯನ್ನು ಮನೆಯವರೇ ಹೇಳಿದರು. ದಿನಸಿ, ಹಾಲು, ಕರೆಂಟು, ಗ್ಯಾಸು, ಮಾತ್ರೆ, ವಿಮೆ ಪ್ರೀಮಿಯಂ, ಮನೆಗೆಲಸದವಳ ಸಂಬಳ, ಎಲ್ಲಾ ಸೇರಿ 33,000. ಉಳಿದ 12,000 ಪ್ರಯಾಣ, ಹಬ್ಬದ ಬಟ್ಟೆ, ಹೋಟೆಲ್ಲು, ಮದುವೆ ಮುಂಜಿಗಳ ಮುಯ್ಯಿ. ಮುಯ್ಯಿಯೇ ವರ್ಷಕ್ಕೆ 40,000 ಮುಟ್ಟುತ್ತಿತ್ತು. "ಸಂಬಳ ಬರ್ತಿದ್ದಾಗ ಸಾವಿರ ಹಾಕ್ತಿದ್ವಿ, ಈಗ ಐದುನೂರು ಹಾಕಿದರೆ ಜನ ಏನಂತಾರೆ?" ಅಂದರು ಯಜಮಾನರು. "ರಿಟೈರ್ ಆದ್ರು ಅಂತಾರೆ" ಅಂದರು ಹೆಂಡತಿ. ಅಲ್ಲಿ ಇಲ್ಲಿ ಸೇರಿ ತಿಂಗಳಿಗೆ 4,000 ಇಳಿಯಿತು.

ದೊಡ್ಡ ಹಿಡಿತ ಸಿಕ್ಕಿದ್ದು ಮೇಲಿನ ಮಹಡಿಯಲ್ಲಿ. ಮಗ ಬಂದಾಗ ಇರಲೆಂದು ಕಟ್ಟಿಸಿದ ಎರಡು ಕೋಣೆ, ಅಡುಗೆಮನೆ. ಮಗ ಬರುವುದು ಯುಗಾದಿಗೆ, ದೀಪಾವಳಿಗೆ, ಒಟ್ಟು ಎಂಟು ಹತ್ತು ದಿನ. ಬಾಡಿಗೆಗೆ ಕೊಡಿ ಅಂದಾಗ ಮನೆಯವರ ಕಣ್ಣು ತುಂಬಿತು, ನಾನು ಸುಮ್ಮನಾದೆ. ಹದಿನೈದು ದಿನ ಬಿಟ್ಟು ಅವರೇ ಫೋನ್ ಮಾಡಿ, ಒಬ್ಬರು ಲೆಕ್ಚರರ್ ಕುಟುಂಬ ಬಂದಿದೆ, 7,000ಕ್ಕೆ ಕೊಟ್ಟೆವು ಅಂದರು. ಕಂದಾಯ, ಸುಣ್ಣಬಣ್ಣ, ಮನೆ ಖಾಲಿ ಬೀಳುವ ತಿಂಗಳು ಕಳೆದು 6,000 ಅಂತ ಹಿಡಿದೆವು. ಗಂಟಿನ ಲೆಕ್ಕದಲ್ಲಿ ಇದರ ತೂಕ ದೊಡ್ಡದು. 3.5 ಪರ್ಸೆಂಟ್ ಲೆಕ್ಕದಲ್ಲಿ ವರ್ಷಕ್ಕೆ 72,000 ಬರಬೇಕಾದರೆ 20 ಲಕ್ಷಕ್ಕಿಂತ ಹೆಚ್ಚಿನ ಗಂಟು ಬೇಕು. ಜೊತೆಗೆ ಬಾಡಿಗೆ ಬೆಲೆಯೇರಿಕೆಯ ಹಿಂದೆಯೇ ಕುಂಟುತ್ತಾದರೂ ಬರುತ್ತದೆ, ಆನ್ಯುಟಿಯಂತೆ ನಿಂತಲ್ಲೇ ನಿಲ್ಲುವುದಿಲ್ಲ.

ಹೀಗೆ ತಿಂಗಳ ಖರ್ಚು 41,000. ಪಿಂಚಣಿ 3,000, ಬಾಡಿಗೆ 6,000 ಕಳೆದರೆ ಗಂಟಿನಿಂದ 32,000. ವರ್ಷಕ್ಕೆ 3 ಲಕ್ಷ 84 ಸಾವಿರ. 110 ಲಕ್ಷಕ್ಕೆ ಹೆಚ್ಚುಕಡಿಮೆ 3.5 ಪರ್ಸೆಂಟ್. ಮೊದಲಿನ ಹಾಳೆಯ ಅದೇ 7 ಪರ್ಸೆಂಟ್ ಬಡ್ಡಿ, 6 ಪರ್ಸೆಂಟ್ ಏರಿಕೆಯನ್ನು ಇದಕ್ಕೆ ಹಾಕಿದರೆ ಷೇರಿನ ಸಹವಾಸವೇ ಇಲ್ಲದೆ 33 ವರ್ಷ ಬರುತ್ತದೆ. 27 ಆಗಿದ್ದದ್ದು 33.

ಉಳಿದ ಎರಡು ವರ್ಷ ಮತ್ತು ಬೆಲೆಯೇರಿಕೆ 6ನ್ನು ಮೀರುವ ಕಾಲ, ಇವೆರಡಕ್ಕಾಗಿ ಷೇರು ಬೇಕು. ಹಣವನ್ನು ಮೂರು ಕಡೆ ಇಟ್ಟೆವು. ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಯಜಮಾನರ ಹೆಸರಿಗೆ 30 ಲಕ್ಷ, ಒಬ್ಬರಿಗೆ ಇರುವ ಮಿತಿ ಅಷ್ಟೇ. ಮನೆಯವರು 60 ಮುಟ್ಟುವವರೆಗೆ ಅವರ ಹೆಸರಿಗೆ ತೆರೆಯುವಂತಿಲ್ಲ. ಆಗಿನ ಬಡ್ಡಿ 8.2 ಪರ್ಸೆಂಟ್, ಐದು ವರ್ಷಕ್ಕೆ ಅದೇ ದರ ನಿಗದಿ, ಮೂರು ತಿಂಗಳಿಗೊಮ್ಮೆ 61,500 ಖಾತೆಗೆ ಬೀಳುತ್ತದೆ. ಎಫ್‌ಡಿಗಳಲ್ಲಿ 40 ಲಕ್ಷ, ಒಂದೊಂದು ವರ್ಷಕ್ಕೆ ಒಂದೊಂದು ಮುಗಿಯುವಂತೆ. ಷೇರು ಸೂಚ್ಯಂಕವನ್ನೇ ಹಿಂಬಾಲಿಸುವ ಇಂಡೆಕ್ಸ್ ಫಂಡ್‌ಗಳಲ್ಲಿ 40 ಲಕ್ಷ. ಅದರಲ್ಲಿ 18 ಆಗಲೇ ಇತ್ತು, ಉಳಿದ 22ನ್ನು ಎರಡು ವರ್ಷಗಳಲ್ಲಿ ಕಂತುಕಂತಾಗಿ. ಷೇರು 50 ಲಕ್ಷವಿರಲಿ ಎಂದು ನನ್ನ ಮನಸ್ಸಿನಲ್ಲಿತ್ತು. ಯಜಮಾನರಿಗೆ ನಿದ್ದೆ ಬರುವುದಿಲ್ಲ ಅಂದರು, 40ಕ್ಕೆ ಒಪ್ಪಿದೆ. ಬಿದ್ದಾಗ ಹೆದರಿ ಮಾರುವವರಿಗೆ ಹೆಚ್ಚು ಷೇರು ಕೊಡಿಸುವುದು ಅಪಕಾರ.

ಖರ್ಚಿಗೆ ಮೂರು ತಿಂಗಳಿಗೆ ಬೇಕಾಗುವುದು 96,000. ಅಂಚೆಯಿಂದ 61,500 ಬಂತು, ಕೊರತೆ 34,500 ಎಫ್‌ಡಿ ಕಡೆಯಿಂದ. ಖರ್ಚು ಏರಿದಂತೆ ಈ ಕೊರತೆ ಹಿಗ್ಗುತ್ತದೆ. ಹತ್ತು ವರ್ಷದ ಕೊರತೆಯನ್ನೆಲ್ಲಾ ಕೂಡಿದರೆ, ಅಂಚೆಯ ಬಡ್ಡಿ ಇದೇ ಇದ್ದರೆ, 26 ಲಕ್ಷ ಆಗುತ್ತದೆ. 40 ಲಕ್ಷದ ಎಫ್‌ಡಿ ಅದನ್ನು ಸಲೀಸಾಗಿ ತಡೆಯುತ್ತದೆ. ಅಂದರೆ ಹತ್ತು ವರ್ಷ ಷೇರಿನ ಕಡೆ ತಿರುಗಿ ನೋಡದಿದ್ದರೂ ಮನೆ ನಡೆಯುತ್ತದೆ. ಏರಿದ ವರ್ಷ ಮಾತ್ರ ಷೇರಿನಿಂದ ಒಂದಿಷ್ಟು ಮಾರಿ ಎಫ್‌ಡಿ ತುಂಬಿಸುವುದು, ಬಿದ್ದ ವರ್ಷ ಮುಟ್ಟುವುದೇ ಇಲ್ಲ.

ಇದರ ಗಟ್ಟಿತನವನ್ನು 2008ಕ್ಕೆ ಒಡ್ಡಿ ನೋಡಿದೆವು. 2007ರ ಕೊನೆಯಲ್ಲಿ 20,287 ಇದ್ದ ಸೆನ್ಸೆಕ್ಸ್ 2008ರ ಕೊನೆಗೆ 9,647. ಅರ್ಧಕ್ಕಿಂತ ಹೆಚ್ಚು ಹೋಯಿತು. ನಿವೃತ್ತಿಯ ಮೊದಲ ವರ್ಷವೇ ಅಂಥದ್ದು ಬಂದರೆ? ನಿವೃತ್ತರಿಗೆ ಮೊದಲ ಕೆಲವು ವರ್ಷಗಳ ಕುಸಿತವೇ ಹೆಚ್ಚು ಮಾರಕ. ಗಂಟು ತುಂಬಿರುವಾಗ ಬಿದ್ದ ಪೆಟ್ಟು, ಅದರ ಮೇಲೆ ತೆಗೆಯುತ್ತಲೇ ಇರುವುದು. ಅದೇ ಕುಸಿತ ಇಪ್ಪತ್ತೈದನೆಯ ವರ್ಷ ಬಂದರೆ ಅಷ್ಟು ಕೆಡುವುದಿಲ್ಲ. ಇವರ 40 ಲಕ್ಷದ ಷೇರು 19 ಲಕ್ಷವಾಗುತ್ತದೆ, ಖರ್ಚು ತೆಗೆದು ಬಡ್ಡಿ ಸೇರಿಸಿದರೆ ಒಟ್ಟು ಗಂಟು 90 ಲಕ್ಷದ ಹತ್ತಿರ ನಿಲ್ಲುತ್ತದೆ. 2008ರ ನಂತರದ ವರ್ಷಗಳಂತೆ ಬೆಲೆಯೂ 10 ಪರ್ಸೆಂಟ್ ಏರಿತು ಅನ್ನಿ, ಮರುವರ್ಷ ತೆಗೆಯಬೇಕಾದದ್ದು 4 ಲಕ್ಷ 22 ಸಾವಿರ. 90ಕ್ಕೆ ಅದು 4.7 ಪರ್ಸೆಂಟ್.

ಇಲ್ಲಿ ಒಂದು ನಿಯಮ ಬೇಕು, ಇಲ್ಲದಿದ್ದರೆ ಗಾಬರಿಯೇ ನಿಯಮವಾಗುತ್ತದೆ. ಅಮೆರಿಕದ ಜೊನಾಥನ್ ಗೈಟನ್ ಮತ್ತು ವಿಲಿಯಂ ಕ್ಲಿಂಗರ್ 2006ರಲ್ಲಿ ಬರೆದ ಉಪಾಯವನ್ನೇ ನಾನು ಸರಳ ಮಾಡಿ ಬಳಸುತ್ತೇನೆ. ಆರಂಭದ ಶೇಕಡಾವಾರಿನ ಐದನೇ ಒಂದು ಭಾಗ ಮೇಲೆ ಒಂದು ಗೆರೆ, ಅಷ್ಟೇ ಕೆಳಗೆ ಇನ್ನೊಂದು ಗೆರೆ. 3.5ಕ್ಕೆ ಮೇಲಿನ ಗೆರೆ 4.2, ಕೆಳಗಿನದು 2.8. ಮೇಲಿನದನ್ನು ದಾಟಿದರೆ ಆ ವರ್ಷದ ಖರ್ಚಿನಲ್ಲಿ ಹತ್ತನೇ ಒಂದು ಭಾಗ ಕಡಿತ. ಕೆಳಗಿನದರ ಕೆಳಕ್ಕೆ ಇಳಿದರೆ ಹತ್ತನೇ ಒಂದು ಭಾಗ ಹೆಚ್ಚಳ. 2008ರ ಪರೀಕ್ಷೆಯಲ್ಲಿ 4.22 ಲಕ್ಷ 3 ಲಕ್ಷ 80 ಸಾವಿರವಾಗುತ್ತದೆ, ಹಿಂದಿನ ವರ್ಷದ್ದಕ್ಕೆ ಹೆಚ್ಚುಕಡಿಮೆ ಸಮ. ಅಂದರೆ ಆ ವರ್ಷ ಹೆಚ್ಚಳವಿಲ್ಲ, ಅಷ್ಟೇ. ಯಾತ್ರೆ ಮುಂದಕ್ಕೆ ಹೋಗುತ್ತದೆ, ಹಾಲು ನಿಲ್ಲುವುದಿಲ್ಲ. ಹಾಲು, ಮಾತ್ರೆಯಂಥ ಬಿಡಲಾಗದ ಖರ್ಚಿಗೆ ಗಂಟಿನಿಂದ ಬೇಕಾದದ್ದು ತಿಂಗಳಿಗೆ 24,000 ಮಾತ್ರ, ಅದು 2.6 ಪರ್ಸೆಂಟ್. ಕಡಿತ ಮಾಡಲು ಜಾಗವಿರುವ ಮನೆಗಷ್ಟೇ ಈ ನಿಯಮ ಕೆಲಸಕ್ಕೆ ಬರುತ್ತದೆ. ಬಿಡಲಾಗದ ಖರ್ಚೇ 4 ಪರ್ಸೆಂಟ್ ಮುಟ್ಟುವ ಮನೆಗೆ ಗೆರೆ ಎಳೆದು ಏನು ಪ್ರಯೋಜನ? ಅಂಥವರಿಗೆ ಒಂದು ಪಾಲು ಆನ್ಯುಟಿಯನ್ನೇ ನಾನು ಹೇಳುತ್ತಿದ್ದೆ.

ಒಂದು ನೋಟ್‌ಬುಕ್ಕಿನಲ್ಲಿ ಇಷ್ಟನ್ನೂ ಬರೆದುಕೊಟ್ಟೆ. ಪ್ರತಿ ಏಪ್ರಿಲ್ ಮೊದಲ ವಾರ ಮೂರು ಅಂಕಿ: ಒಟ್ಟು ಗಂಟು, ಈ ವರ್ಷ ತೆಗೆಯುವುದು, ಶೇಕಡಾವಾರು. ಬೆಲೆಯೇರಿಕೆಗೆ ಸರ್ಕಾರದ ಅಂಕಿ ಬೇಡ, ಅವರ ಮನೆಯ ಖರ್ಚೇ ಎಷ್ಟು ಏರಿತೋ ಅದೇ ಇರಲಿ ಅಂದೆ. ಆರೋಗ್ಯ ವಿಮೆಯ ಪ್ರೀಮಿಯಂ ಸರ್ಕಾರದ ಸೂಚ್ಯಂಕದ ಮಾತು ಕೇಳುವುದಿಲ್ಲ.

2025ರ ಏಪ್ರಿಲ್‌ನಲ್ಲಿ ನೋಟ್‌ಬುಕ್ ಹಿಡಿದು ಬಂದರು. ಗಂಟು 113 ಲಕ್ಷ. ಮನೆಖರ್ಚು 5 ಪರ್ಸೆಂಟ್ ಏರಿದೆ, ತೆಗೆಯಬೇಕಾದದ್ದು 4 ಲಕ್ಷ 3 ಸಾವಿರ. 3.6 ಪರ್ಸೆಂಟ್. ಗೆರೆಗಳ ನಡುವೆಯೇ ಇದೆ. ಎದ್ದು ಹೊರಡುವ ಹೊತ್ತಿಗೆ ಯಜಮಾನರು ಮೆಲ್ಲಗೆ ಬಾಯಿಬಿಟ್ಟರು. ಮಗ ಬೆಂಗಳೂರಿನಲ್ಲಿ ಫ್ಲಾಟ್ ನೋಡಿದ್ದಾನೆ, ಮುಂಗಡಕ್ಕೆ 15 ಲಕ್ಷ ಕೇಳುತ್ತಿದ್ದಾನೆ. ನಮ್ಮ ಕಡೆ ಗಂಟು ಒಡೆಯುವುದು ಷೇರುಪೇಟೆಗಿಂತ ಹೆಚ್ಚಾಗಿ ಇಂಥ ಜಾಗದಲ್ಲೇ. ಇಲ್ಲ ಅನ್ನಲು ನಾನು ಯಾರು?

ನಾನು ಮಾತಾಡುವ ಮೊದಲೇ ಮನೆಯವರು ನೋಟ್‌ಬುಕ್ ತೆರೆದು ಪೆನ್ನು ಹಿಡಿದಿದ್ದರು. 113ರಲ್ಲಿ 15 ಹೋದರೆ 98. "ಅದು ಎಷ್ಟು ಪರ್ಸೆಂಟ್ ಆಗುತ್ತೆ ಅಣ್ಣ?" ಅಂತ ಕೇಳಿದರು. 4.1 ಅಂದೆ. ಮೇಲಿನ ಗೆರೆಗೆ ಅಂಟಿಕೊಂಡಂತೆ, ಪೇಟೆ ಒಂದು ಕೆಮ್ಮು ಕೆಮ್ಮಿದರೂ ದಾಟುತ್ತದೆ. 6 ಲಕ್ಷ ಕೊಟ್ಟರೆ? 3.8. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮನೆಯವರು 6 ಅಂತ ಬರೆದು ಅದರ ಸುತ್ತ ಒಂದು ಸೊನ್ನೆ ಸುತ್ತಿ, ಮಗನಿಗೆ ಫೋನ್ ಮಾಡಲು ವರಾಂಡಕ್ಕೆ ಎದ್ದು ಹೋದರು.